ಆರೂವರೆಯ ಫೋನು, ಎಂಟೂಕಾಲರ ಮನೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ಸಭೆಗೆ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಸಂಘದವರ ಹತ್ತಿರ ಕೇಳಿಕೊಂಡಿದ್ದೆ. ಬಂದಿದ್ದೀರಿ, ತುಂಬಾ ಸಂತೋಷ. ಮೇಲಿನವರು ದಿನಾ ಹೀಯಾಳಿಸಿದರೆ ಮನುಷ್ಯನಿಗೆ, ಅವನ ಮನೆಗೆ ಏನಾಗುತ್ತದೆ ಎಂಬುದು ಇವತ್ತಿನ ಮಾತು. ಅದು ಅರ್ಧ ಬ್ರಾಂಚಿನಲ್ಲಿ ನಡೆಯುತ್ತದೆ, ಇನ್ನರ್ಧ ಅಡುಗೆಮನೆಯ ಬಾಗಿಲಲ್ಲಿ ನಡೆಯುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಇದು ಅರ್ಥವಾಗುವುದಿಲ್ಲ.

ನಾನು 34 ವರ್ಷ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಅದರಲ್ಲಿ ಹದಿನಾಲ್ಕು ತಿಂಗಳ ಮಾತನ್ನಷ್ಟೇ ಇಲ್ಲಿ ಆಡುತ್ತೇನೆ. 2017ರಲ್ಲಿ ನಾನು ಒಂದು ತಾಲ್ಲೂಕು ಊರಿನ ಬ್ರಾಂಚ್ ಮ್ಯಾನೇಜರ್. ಆ ವರ್ಷ ರೀಜನಲ್ ಆಫೀಸಿಗೆ ಹೊಸ ಸಾಹೇಬರು ಬಂದರು. ಅವರ ಹೆಸರು, ಬ್ಯಾಂಕಿನ ಹೆಸರು ಇಲ್ಲಿ ಬೇಡ. ದಿನಾ ಸಂಜೆ ಆರೂವರೆಗೆ 22 ಬ್ರಾಂಚಿನ ಮ್ಯಾನೇಜರುಗಳು ಒಂದೇ ಕಾಲ್‌ನಲ್ಲಿ ಸೇರಬೇಕಿತ್ತು. ರಿವ್ಯೂ ಕಾಲ್ ಅಂದರೆ ಇಲ್ಲಿರುವ ಬ್ಯಾಂಕಿನವರಿಗೆ ಗೊತ್ತು, ಯಾರು ಎಷ್ಟು ಕೆಲಸ ಮುಗಿಸಿದರು ಎಂದು ಲೆಕ್ಕ ಒಪ್ಪಿಸುವ ಕಾಲ್ ಅದು.

ಡಿಸೆಂಬರಿನ ಒಂದು ಸಂಜೆ ಹೇಳುತ್ತೇನೆ. ಬೆಳೆ ಸಾಲದ ರಿನ್ಯೂವಲ್, ಅಂದರೆ ಹಳೆಯ ಸಾಲ ಕಟ್ಟಿಸಿಕೊಂಡು ಹೊಸದಾಗಿ ಕೊಡುವುದು, 64 ಬಾಕಿ ಇತ್ತು. ನಾನು ಮಾಡಿದ್ದು 9. ರೈತರು ಮೆಕ್ಕೆಜೋಳ ಕಟಾವು ಮುಗಿಸಿದ್ದರು, ಮಾರಿದ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ಜನವರಿ ಎರಡನೇ ವಾರದ ಹೊತ್ತಿಗೆ ಬರುತ್ತಿತ್ತು. ಇದನ್ನು ಹೇಳಲು ಬಾಯಿ ತೆರೆದೆ. ಅವರು "ನಂಬರ್ ಹೇಳ್ರೀ" ಎಂದರು. "ಒಂಬತ್ತು ಸರ್." "ಇನ್ನೊಂದು ಸಲ ಹೇಳಿ, ಎಲ್ಲರಿಗೂ ಕೇಳಲಿ." "ಒಂಬತ್ತು ಸರ್." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ್ರೀ ನಿಮ್ಮನ್ನ ಮ್ಯಾನೇಜರ್ ಮಾಡಿದ್ದು? ಇಷ್ಟು ಸಣ್ಣ ವಿಷಯ ತಲೆಗೆ ಹೋಗಲ್ವಾ?" ಎಂದರು. ಯಾರೋ ಇಬ್ಬರು ನಕ್ಕರು. ಉಳಿದವರ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

ಬಾಸ್ ಬೈಯದೆ ಇರುತ್ತಾನಾ ಎಂದು ನೀವು ಕೇಳಬಹುದು. ನಿಜ, ನನ್ನ ಮೊದಲ ಮ್ಯಾನೇಜರ್ ಬಹಳ ಬೈಯುತ್ತಿದ್ದರು. ವೋಚರ್ ತಪ್ಪಿದರೆ ಮುಖಕ್ಕೆ ಹಿಡಿದು ತೋರಿಸುತ್ತಿದ್ದರು. ತಿದ್ದಿಕೊಟ್ಟರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಒಟ್ಟಿಗೆ ಕಾಫಿಗೆ ಹೋಗುತ್ತಿದ್ದೆವು. ಎರಡರ ವ್ಯತ್ಯಾಸ ತಿಳಿಯಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಬೈಸಿಕೊಂಡ ಮೇಲೆ ನಾಳೆ ಬೆಳಿಗ್ಗೆ ಬ್ರಾಂಚಿಗೆ ಹೋಗಿ ಮೊದಲು ಏನು ಮಾಡಬೇಕು ಎಂದು ನನಗೆ ಗೊತ್ತಾಯಿತಾ? ಮೊದಲ ಮ್ಯಾನೇಜರ್ ಬೈದಾಗ ಗೊತ್ತಾಗುತ್ತಿತ್ತು. ಈ ಸಾಹೇಬರ ಕಾಲ್ ಮುಗಿದಾಗ ನನಗೆ ಗೊತ್ತಾಗುತ್ತಿದ್ದದ್ದು ನಾನು ದಡ್ಡ ಎಂಬುದು ಮಾತ್ರ. ಅದನ್ನು ನಾಳೆ ಹೇಗೆ ಸರಿಮಾಡುವುದು?

2000ದಲ್ಲಿ ಬೆನೆಟ್ ಟೆಪ್ಪರ್ ಎಂಬ ಅಮೆರಿಕದ ಸಂಶೋಧಕರು ಇದಕ್ಕೊಂದು ವಿವರಣೆ ಕೊಟ್ಟರು. ಮೈಮುಟ್ಟದೆ, ಮಾತಿನಿಂದ, ಮುಖಭಾವದಿಂದ ಮೇಲಿನವರು ಮತ್ತೆ ಮತ್ತೆ ತೋರಿಸುವ ಹಗೆ ಎಂದು ಅವರ ಅರ್ಥ. ಅದರಲ್ಲಿ 'ಮತ್ತೆ ಮತ್ತೆ' ಎಂಬುದನ್ನು ಗಮನಿಸಿ. ಒಂದು ದಿನದ ಬೈಗುಳವನ್ನು ಮನುಷ್ಯ ತಡೆದುಕೊಳ್ಳುತ್ತಾನೆ. ದಿನಾ ಆರೂವರೆಗೆ ಬಂದರೆ ಏನಾಗುತ್ತದೆ ಎಂಬುದು ಬೇರೆ ಕಥೆ.

ನನಗೆ ಆದದ್ದು ಇದು. ಮೂರನೇ ತಿಂಗಳ ಹೊತ್ತಿಗೆ ಸಾಹೇಬರ ದನಿ ಫೋನಿನಲ್ಲಿ ಇಲ್ಲದಾಗಲೂ ಕೇಳುತ್ತಿತ್ತು. ಒಂದು ಸಹಿ ಹಾಕುವಾಗ ಮೂರು ಸಲ ಓದುತ್ತಿದ್ದೆ. ಇಪ್ಪತ್ತು ವರ್ಷದಿಂದ ಮಾಡಿದ ಕೆಲಸವನ್ನು ಹೊಸದಾಗಿ ಸೇರಿದ ಹುಡುಗಿಯ ಹತ್ತಿರ "ಸರಿ ಇದೆಯಾ ನೋಡಮ್ಮ" ಎಂದು ತೋರಿಸುತ್ತಿದ್ದೆ. ಒಂದು ಸಲ ನನ್ನದೇ ಮಿತಿಯೊಳಗಿನ ಸಾಲದ ಅರ್ಜಿಯನ್ನು, ತಪ್ಪಾದರೆ ಎಂಬ ಹೆದರಿಕೆಯಿಂದ, ಮಂಜೂರಾತಿಗೆ ರೀಜನಲ್ ಆಫೀಸಿಗೆ ಕಳಿಸಿಬಿಟ್ಟೆ. "ಇದು ನಿಮ್ಮ ಅಧಿಕಾರದಲ್ಲೇ ಇದೆ" ಎಂದು ಅಲ್ಲಿಂದ ವಾಪಸ್ ಬಂತು. ಆ ಸಂಜೆ ಕಾಲ್‌ನಲ್ಲಿ ಸಾಹೇಬರು ಅದನ್ನೇ ಓದಿ ಹೇಳಿದರು. "ನೋಡಿ, ತನ್ನ ಪವರ್ ಎಷ್ಟು ಅಂತಾನೂ ಗೊತ್ತಿಲ್ಲ ಇವರಿಗೆ."

ಈ ಸುತ್ತನ್ನು ನೀವು ಸರಿಯಾಗಿ ನೋಡಬೇಕು. ದಡ್ಡ ಎಂದರು, ಹೆದರಿದೆ. ಹೆದರಿದ್ದರಿಂದ ದಡ್ಡತನದ ಕೆಲಸ ಮಾಡಿದೆ. ಅದು ಅವರ ಮಾತಿಗೆ ಸಾಕ್ಷಿಯಾಯಿತು. ಆ ಸಾಕ್ಷಿಯನ್ನು ಎಲ್ಲರಿಗಿಂತ ಮೊದಲು ನಂಬಿದವನು ನಾನೇ. ಒಬ್ಬ ಮನುಷ್ಯನ ಸ್ವಾಭಿಮಾನ ಸವೆಯುವುದು ಹೀಗೆ, ದಿನಕ್ಕೆ ಒಂದಿಷ್ಟು. ಸವೆಯುತ್ತಿದೆ ಎಂದು ಅವನಿಗೆ ಗೊತ್ತೇ ಆಗುವುದಿಲ್ಲ. ನಾನು ಮೊದಲಿನಿಂದಲೂ ಹೀಗೇ ಇದ್ದೆನೇನೋ, ಇಷ್ಟು ದಿನ ಯಾರೂ ಹೇಳಿರಲಿಲ್ಲ ಎಂದುಕೊಳ್ಳುತ್ತಾನೆ.

ಈಗ ಮನೆಗೆ ಬರೋಣ. ನಾನು ಮನೆ ತಲುಪುತ್ತಿದ್ದದ್ದು ಎಂಟೂಕಾಲಿಗೆ. ಮಗಳು ಆಗ ಎಂಟನೇ ಕ್ಲಾಸು. ಲೆಕ್ಕ ಮಾತ್ರ ನನ್ನ ಹತ್ತಿರವೇ ಹೇಳಿಸಿಕೊಳ್ಳುತ್ತಿದ್ದಳು. ಒಂದು ರಾತ್ರಿ ಬೀಜಗಣಿತದಲ್ಲಿ ಮೈನಸ್ ಚಿಹ್ನೆ ಬಿಟ್ಟಿದ್ದಳು. ನಾನು ಪುಸ್ತಕ ನೋಡಿ ಅಂದೆ, "ಇಷ್ಟು ಸಣ್ಣ ವಿಷಯ ತಲೆಗೆ ಹೋಗಲ್ವಾ ನಿಂಗೆ? ಇನ್ನೊಂದು ಸಲ ಓದು, ಜೋರಾಗಿ." ಅವಳು ಜೋರಾಗಿ ಓದಿದಳು. ದನಿ ನಡುಗುತ್ತಿತ್ತು. ಅದು ಯಾರ ಮಾತು ಎಂದು ನಿಮಗೆ ಹೊಳೆಯಿತಲ್ಲ? ನನಗೆ ಆ ರಾತ್ರಿ ಹೊಳೆಯಲಿಲ್ಲ. ಮಗಳಿಗೆ ಶಿಸ್ತು ಕಲಿಸುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಅಮೆರಿಕದಲ್ಲಿ ರೇನಾ ರೆಪೆಟ್ಟಿ ಎಂಬ ಮನಶ್ಶಾಸ್ತ್ರಜ್ಞೆ ವಿಮಾನಗಳ ಓಡಾಟ ನಿಯಂತ್ರಿಸುವ ನೌಕರರನ್ನು ಅಧ್ಯಯನ ಮಾಡಿದ್ದಾರೆ. ಅವರೆಲ್ಲ ಮಕ್ಕಳಿರುವ ಅಪ್ಪಂದಿರು. 1994ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ ಸಂಗತಿ ಒಂದಿದೆ. ಕೆಲಸ ಜಾಸ್ತಿ ಇದ್ದ ದಿನ ಅಪ್ಪ ಮನೆಗೆ ಬಂದು ಮಕ್ಕಳಿಂದ ದೂರ ಸರಿಯುತ್ತಿದ್ದ, ಸುಮ್ಮನಾಗುತ್ತಿದ್ದ. ಆದರೆ ಮೇಲಿನವರ ಜೊತೆಗೋ ಜೊತೆಯವರ ಜೊತೆಗೋ ಕಹಿಯಾದ ದಿನ ಅವನ ಮಾತು ಒರಟಾಗುತ್ತಿತ್ತು, ಮಕ್ಕಳ ಮೇಲೆ ಶಿಸ್ತಿನ ಹೆಸರಲ್ಲಿ ಬೀಳುತ್ತಿದ್ದ. ಎರಡನ್ನೂ ನಾವು "ಟೆನ್ಶನ್" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ದಣಿವಿಗೆ ನಿದ್ದೆ ಕೊಟ್ಟರೆ ಸಾಕು. ಅವಮಾನ ನಿದ್ದೆಗೆ ಹೋಗುವುದಿಲ್ಲ. ಅದು ತಿರುಗಿ ಬೀಳದೆ ಇರುವ ಜಾಗ ಹುಡುಕುತ್ತದೆ. ಸಾಹೇಬರಿಗೆ ಉತ್ತರ ಕೊಟ್ಟರೆ ಕೆಲಸಕ್ಕೆ ಕುತ್ತು. ಹೆಂಡತಿ, ಮಕ್ಕಳು ಕೆಲಸದಿಂದ ತೆಗೆಯುವುದಿಲ್ಲವಲ್ಲ.

ಕಂಡುಹಿಡಿದದ್ದು ನನ್ನ ಹೆಂಡತಿ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ. ಅದರಲ್ಲಿ ನಾನು ಕೂಗಾಡಿದ ದಿನಕ್ಕೆ ಒಂದು ಚುಕ್ಕೆ ಇಟ್ಟಿದ್ದಳು. ಜನವರಿಯ ಕೊನೆಗೆ ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ನನ್ನ ಮುಂದೆ ಇಟ್ಟಳು. "ರೀ, 17 ಚುಕ್ಕೆ ಇದೆ. ಎರಡನೇ ಶನಿವಾರ ಇಲ್ಲ, ನಾಲ್ಕನೇ ಶನಿವಾರ ಇಲ್ಲ. ಸಂಕ್ರಾಂತಿ ದಿನ ಇಲ್ಲ. ಭಾನುವಾರ ಸಂಜೆ ಮತ್ತೆ ಶುರು. ಇದು ಅವಳ ಲೆಕ್ಕದ ತಪ್ಪಿಂದ ಬರ್ತಿರೋದಲ್ಲ" ಎಂದಳು. ಇನ್ನೂ ಒಂದು ಮಾತು ಹೇಳಿದಳು. ನಾನು ಗಾಡಿಗೆ ಸ್ಟ್ಯಾಂಡ್ ಹಾಕುವ ಸದ್ದು ಕೇಳಿಯೇ ಮಗಳು ಪುಸ್ತಕ ತರಬೇಕೋ, ಮಲಗಿದ ಹಾಗೆ ನಟಿಸಬೇಕೋ ಎಂದು ತೀರ್ಮಾನ ಮಾಡುತ್ತಿದ್ದಳಂತೆ. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ.

ಇಲ್ಲಿರುವ ಮನೆಯವರಿಗೆ ಆ ಕ್ಯಾಲೆಂಡರ್ ವಿಷಯ ಹೇಳಲೆಂದೇ ನಾನು ಬಂದಿದ್ದು. "ನೀವು ಬದಲಾಗಿಬಿಟ್ಟಿರಿ" ಎಂದಿದ್ದರೆ ನಾನು ಜಗಳ ಆಡುತ್ತಿದ್ದೆ. ತಾರೀಖಿನ ಜೊತೆ ಜಗಳ ಆಡಲಾಗಲಿಲ್ಲ. ರಜೆಯಲ್ಲಿ ಸರಿಯಿದ್ದು, ಕೆಲಸದ ಹಿಂದಿನ ಸಂಜೆಯೇ ಮನುಷ್ಯ ಕೆಡುತ್ತಿದ್ದರೆ ಬೇರು ಮನೆಯ ಹೊರಗಿದೆ ಎಂದೇ ಲೆಕ್ಕ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ಒಂದು ನೋಟ್‌ಬುಕ್ಕಿನ ಪುಟದ ಮಧ್ಯೆ ಗೆರೆ ಎಳೆದೆ. ಕಾಲ್ ಮುಗಿದ ಕೂಡಲೇ, ಕೆಲಸದ ಬಗ್ಗೆ ಅವರು ಹೇಳಿದ್ದನ್ನು ಎಡಕ್ಕೆ, ನನ್ನ ಬಗ್ಗೆ ಹೇಳಿದ್ದನ್ನು ಬಲಕ್ಕೆ ಬರೆದೆ. ಪಕ್ಕದಲ್ಲಿ ತಾರೀಖು, ಹೊತ್ತು. ಒಂದು ವಾರಕ್ಕೆ ಎಡಗಡೆ ನಾಲ್ಕು ಸಾಲು, ಬಲಗಡೆ ಪುಟ ತುಂಬಿತ್ತು. ಆ ನಾಲ್ಕು ಸಾಲು ನೋಡಿದಾಗ, ಅಯ್ಯೋ ಇದನ್ನು ನಾನು ಮಾಡಬಲ್ಲೆ ಅನಿಸಿತು. ಎಷ್ಟೋ ತಿಂಗಳ ಮೇಲೆ ಹಾಗೆ ಅನಿಸಿದ್ದು. ಮರುದಿನ ಬೆಳಿಗ್ಗೆ ಎಡಗಡೆಯದ್ದನ್ನು ಮಾತ್ರ ಈಮೇಲ್ ಮಾಡತೊಡಗಿದೆ. ನಿನ್ನೆಯ ಸೂಚನೆಯಂತೆ ಇಷ್ಟು ರಿನ್ಯೂವಲ್ ಬಾಕಿ, ಫೆಬ್ರವರಿಯಲ್ಲಿ ಇಷ್ಟು ಮುಗಿಸುತ್ತೇನೆ, ಕಾರಣ ಇದು, ಬೇರೆ ಸೂಚನೆ ಇದ್ದರೆ ತಿಳಿಸಿ. ಮೊದಲ ವಾರ ಸಾಹೇಬರು ಇನ್ನೂ ಕೆರಳಿದರು. ಆಮೇಲೆ ಸ್ವಲ್ಪ ಇಳಿದರು. ಬಾಯಲ್ಲಿ ಬೈಯುವವರು ಬರವಣಿಗೆಯಲ್ಲಿ ಬೈಯಲು ಹಿಂಜರಿಯುತ್ತಾರೆ ಎಂದು ನನಗೆ ಅನಿಸಿದೆ, ಎಲ್ಲರೂ ಹಾಗಿರುತ್ತಾರೆ ಎನ್ನಲಾರೆ.

ಮನೆಯಲ್ಲಿ ಒಂದು ಒಪ್ಪಂದ ಆಯಿತು. ಬಾಗಿಲಲ್ಲೇ ಒಂದು ಮಾತು ಹೇಳಬೇಕು, "ಇವತ್ತು ಜೋರಾಗಿತ್ತು" ಅಥವಾ "ಪರವಾಗಿಲ್ಲ". ಜೋರಿದ್ದ ದಿನ ಊಟಕ್ಕೆ ಮೊದಲು ನಾನು ಪುಸ್ತಕ ಮುಟ್ಟುವ ಹಾಗಿಲ್ಲ. ಮಗಳನ್ನು ಕೂರಿಸಿಕೊಂಡು, "ಪುಟ್ಟಿ, ನಿನಗೆ ಬೈದಿದ್ದು ನಿನ್ನ ತಪ್ಪಿಗಲ್ಲ. ನನಗೆ ಆಫೀಸಲ್ಲಿ ಬೈದಿದ್ದನ್ನ ನಿನ್ನ ಮೇಲೆ ಹಾಕಿದೆ" ಎಂದೆ. ಅವಳು ಕೇಳಿದಳು, "ಅವರಿಗೆ ಯಾರು ಬೈತಾರಪ್ಪ?" ಐದು ಗಂಟೆಗೆ ಸಾಹೇಬರಿಗೂ ಮೇಲಿನಿಂದ ಒಂದು ಕಾಲ್ ಇರುತ್ತಿತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅದರಿಂದ ಅವರು ಮಾಡಿದ್ದು ಸರಿಯಾಗುವುದಿಲ್ಲ. ನಾನು ಮಾಡಿದ್ದೂ ಸರಿಯಾಗುವುದಿಲ್ಲ.

ಕಾನೂನಿನ ವಿಷಯ ಹೇಳಿಬಿಡುತ್ತೇನೆ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಬರೀ ದಿನಾ ಹೀಯಾಳಿಸುವುದಕ್ಕೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಾಗಿ ತಾರೀಖು ಹಾಕಿದ ಆ ನೋಟ್‌ಬುಕ್ಕು ಬೇಕು, ಒಬ್ಬರೇ ಹೋಗದೆ ಜೊತೆಯಾಗಿ ಹೋಗುವುದು ಬೇಕು. ನಾವು ಮೂವರು ಮ್ಯಾನೇಜರುಗಳು ಸಂಘದ ಮೂಲಕ ಪತ್ರ ಕೊಟ್ಟೆವು. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ಕೊನೆಗೆ ಮಾಮೂಲಿ ವರ್ಗಾವಣೆಯಲ್ಲಿ ಅವರು ಹೋದರು. ಪತ್ರದಿಂದಲೇ ಹೋದರು ಎಂದು ನಾನು ಸುಳ್ಳು ಹೇಳಲಾರೆ. ಅಂದು ಕಾಲ್‌ನಲ್ಲಿ ನಕ್ಕ ಇಬ್ಬರಲ್ಲಿ ಒಬ್ಬರು ಆ ಪತ್ರಕ್ಕೆ ಸಹಿ ಹಾಕಿದ್ದರು.

ನೋಟ್‌ಬುಕ್ಕು, ಒಪ್ಪಂದ ಎಲ್ಲದಕ್ಕೂ ಒಂದು ಮಿತಿ ಇದೆ. ಎರಡು ಮೂರು ವಾರ ನಿದ್ದೆಯೇ ಹತ್ತದಿದ್ದರೆ, ಕುಡಿತ ಶುರುವಾಗಿದ್ದರೆ, ನಾನಿಲ್ಲದಿದ್ದರೆ ಮನೆಯವರಿಗೆ ಒಳ್ಳೆಯದು ಎಂಬ ಯೋಚನೆ ಒಮ್ಮೆ ಬಂದರೂ, ನೋಟ್‌ಬುಕ್ಕು ಸಾಲದು. ಡಾಕ್ಟರ ಹತ್ತಿರ ಹೋಗಬೇಕು. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಅದರ ಹೆಸರು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಬೆನ್ನಿಗಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ನಾನು ಕಾಯುತ್ತೇನೆ.

ನನ್ನ ಮಗಳು ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೂ ನನ್ನ ಹತ್ತಿರ ಲೆಕ್ಕ ಕೇಳಲಿಲ್ಲ. ಸಾಹೇಬರು ವರ್ಗವಾಗಿ ಹೋದ ಮೇಲೂ ಕೇಳಲಿಲ್ಲ. ಅವಳ ಸೋದರಮಾವನಿಗೆ ಫೋನ್ ಮಾಡಿ ಹೇಳಿಸಿಕೊಳ್ಳುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಈಗ ನಿಮ್ಮ ಪ್ರಶ್ನೆಗಳು. ಮೊದಲು ಮನೆಯವರು ಕೇಳಲಿ.