ಕಂದು ಹಾಕಿದ ಹಸು, ಆಲದ ಮರದ ಗಂಟು

ನಮಸ್ಕಾರ ಎಲ್ಲರಿಗೂ. ಇವತ್ತು ಕೆಲವರಿಗೆ ಕೋಪ ಬರುವ ವಿಷಯವನ್ನೇ ಎತ್ತಿಕೊಂಡಿದ್ದೇನೆ. ನಮ್ಮ ಮಂಡ್ಯ ಕಡೆ ಹಸು ಕರು ಹಾಕಿದ ಮೇಲೆ ಬೀಳುವ ಸತ್ತೆಯನ್ನು ಹುಲ್ಲಿನಲ್ಲಿ ಸುತ್ತಿ, ಹಳೇ ಗೊಬ್ಬರದ ಚೀಲಕ್ಕೆ ತುಂಬಿ, ಆಲದ ಮರಕ್ಕೆ ಕಟ್ಟುತ್ತಾರಲ್ಲ, ಅದರ ಬಗ್ಗೆ. ಆಲದ ಮರದಲ್ಲಿ ಹಾಲಿದೆ, ಹಸುವೂ ಹಂಗೇ ಹಾಲು ಕೊಡಲಿ ಅಂತ. ನಂಬಿಕೆ ಜೊತೆ ನನಗೆ ಜಗಳ ಇಲ್ಲ. ಆ ಗಂಟಿನಿಂದ ಕೆಳಗೆ ತೊಟ್ಟಿಕ್ಕುತ್ತದಲ್ಲ, ಜಗಳ ಅದರ ಜೊತೆ. ಮರದ ಕೆಳಗೆ ಹುಲ್ಲಿರುತ್ತದೆ, ಮೇಕೆ ಮೇಯುತ್ತದೆ, ಕಾಗೆ ಕುಕ್ಕುತ್ತದೆ, ಗಂಟು ಬಿದ್ದರೆ ನಾಯಿ ಎಳೆದುಕೊಂಡು ಇನ್ನೊಬ್ಬರ ಕೊಟ್ಟಿಗೆ ತನಕ ಹೋಗುತ್ತದೆ.

ಹಿಂಗೆ ಹರಡಬಹುದಾದದ್ದು ಕಂದು ರೋಗ. ಕಂದು ಅಂದರೆ ದಿನ ತುಂಬುವ ಮೊದಲೇ ಬಿದ್ದುಹೋಗುವ ಕರು; ಅದನ್ನು ಬೀಳಿಸುವ ಈ ರೋಗವೇ ಬ್ರುಸೆಲ್ಲೋಸಿಸ್. ಹಸುವಿನಲ್ಲಿ ಇದನ್ನು ತರುವುದು ಹೆಚ್ಚಾಗಿ ಬ್ರುಸೆಲ್ಲಾ ಅಬಾರ್ಟಸ್ ಅನ್ನುವ ಬ್ಯಾಕ್ಟೀರಿಯಾ. ಗಬ್ಬದ ಹಸುವಿನ ಹೊಟ್ಟೆಗೆ ಸೇರಿದರೆ ಅದು ರಕ್ತದ ಮೂಲಕ ಗರ್ಭಕೋಶಕ್ಕೆ, ಸತ್ತೆಗೆ ಹೋಗಿ ಕೂರುತ್ತದೆ. ಐದನೇ ತಿಂಗಳು ದಾಟಿದ ಮೇಲೆ, ಜಾಸ್ತಿ ಏಳು ಎಂಟನೇ ತಿಂಗಳಲ್ಲಿ ಕಂದು ಬೀಳುತ್ತದೆ. ಸತ್ತೆ ಕಚ್ಚಿಕೊಂಡು ನಿಲ್ಲುತ್ತದೆ. ಆ ಕಂದು, ಆ ಸತ್ತೆ, ಆ ಲೋಳೆ ನೀರು, ರೋಗಾಣು ಅತಿ ಹೆಚ್ಚು ಇರುವುದು ಇದರಲ್ಲೇ. ಪಕ್ಕದ ಹಸು ಅದನ್ನು ನೆಕ್ಕುತ್ತದೆ, ಅದು ಬಿದ್ದ ಹುಲ್ಲು ತಿನ್ನುತ್ತದೆ, ಅಷ್ಟೇ ಸಾಕು.

ಇಲ್ಲೇ ಬಹಳ ಜನ ಎಡವುವುದು. ಒಂದು ಸಲ ಕಂದು ಹಾಕಿದ ಹಸು ಮುಂದಿನ ಸಲ ಆರಾಮಾಗಿ ತುಂಬು ದಿನಕ್ಕೆ ಕರು ಹಾಕುತ್ತದೆ. ಮನೆಯವರು "ವಾಸಿ ಆಯ್ತು ಬಿಡಣ್ಣ" ಅಂತಾರೆ. ವಾಸಿ ಆಗಿರುವುದಿಲ್ಲ. ರೋಗಾಣು ಕೆಚ್ಚಲಲ್ಲಿ, ಅದರ ಸುತ್ತಲಿನ ಗ್ರಂಥಿಗಳಲ್ಲಿ ಉಳಿದಿರುತ್ತದೆ, ಹಾಲಿನಲ್ಲಿ ಆಗಾಗ ಬರುತ್ತಿರುತ್ತದೆ, ಮುಂದೆ ಕರು ಹಾಕುವಾಗ ಸತ್ತೆಯಲ್ಲೂ ಬರಬಹುದು. ಅಂದರೆ ನೋಡಲು ಗಟ್ಟಿಮುಟ್ಟಾದ ಹಸುವಿನ, ಗಟ್ಟಿಮುಟ್ಟಾದ ಕರುವಿನ ಜೊತೆ ಬಿದ್ದ ಸತ್ತೆಯೂ ರೋಗ ಹರಡಬಹುದು. ಹಸುವಿಗೆ ಇದಕ್ಕೆ ನಂಬಿ ಕೊಡುವಂಥ ಔಷಧ ಇಲ್ಲ. ಬೇರೆ ದೇಶಗಳಲ್ಲಿ ರಕ್ತ ಪರೀಕ್ಷೆ ಮಾಡಿ, ರೋಗ ಇದ್ದದ್ದನ್ನು ಹಿಂಡಿನಿಂದ ತೆಗೆದು ಕಸಾಯಿಖಾನೆಗೆ ಕಳಿಸಿದರು. ನಮ್ಮಲ್ಲಿ ಅದು ಆಗುವ ಮಾತಲ್ಲ, ಹಸು ಕೊಟ್ಟಿಗೆಯಲ್ಲೇ ಇರುತ್ತದೆ, ಇಲ್ಲ ಸಂತೆಗೆ ಹೋಗಿ ಇನ್ನೊಬ್ಬರ ಕೊಟ್ಟಿಗೆ ಸೇರುತ್ತದೆ. ಅದಕ್ಕೇ ನಾನು ಹೇಳುವುದು: ಕಂದು ಬಿದ್ದಾಗ ಮಾತ್ರ ಹುಷಾರಾದರೆ ಸಾಲದು, ಪ್ರತಿ ಸತ್ತೆಯನ್ನೂ ಹೂಳಬೇಕು.

ಹೆಂಗೆ ಅಂತ ಒಂದು ಮನೆ ಇಟ್ಟುಕೊಂಡೇ ಹೇಳುತ್ತೇನೆ. ಮದ್ದೂರು ಕಡೆ ಅಂದುಕೊಳ್ಳಿ, ಮೂರು ಎಚ್‌ಎಫ್ ಮಿಶ್ರತಳಿ ಹಸು. ಒಂದಕ್ಕೆ ಏಳು ತಿಂಗಳು, ಬೆಳಗಿನ ಜಾವ ಎದ್ದು ನೋಡಿದರೆ ಕಂದು ಬಿದ್ದಿದೆ, ಸತ್ತೆ ಅರ್ಧ ನೇತಾಡುತ್ತಿದೆ. ಮೊದಲ ಕೆಲಸ, ಉಳಿದ ಎರಡು ಹಸು ಬಿಚ್ಚಿ ದೂರ ಕಟ್ಟುವುದು. ನಾಯಿಯನ್ನೂ ಕಟ್ಟಿ. ಆಮೇಲೆ ಡಾಕ್ಟರಿಗೆ ಫೋನು. ನೇತಾಡುವ ಸತ್ತೆಗೆ ಕಲ್ಲು ಕಟ್ಟುವುದು, ಬರಿಗೈಲಿ ಒಳಗೆ ಕೈ ಹಾಕಿ ಕೀಳುವುದು ಎರಡೂ ಬೇಡ. ಕೈಯಲ್ಲಿ ಕೂದಲೆಳೆಯಷ್ಟು ಗಾಯ ಇದ್ದರೂ ರೋಗಾಣು ಒಳಗೆ ಹೋಗುತ್ತದೆ, ಕಣ್ಣಿಗೆ ಸಿಡಿದರೂ ಹೋಗುತ್ತದೆ. ಬಸುರಿ ಹೆಂಗಸರನ್ನು ಹತ್ತಿರಕ್ಕೇ ಬಿಡಬೇಡಿ.

ಕಂದನ್ನು ಆಗಲೇ ಹೂಳಬೇಡಿ, ಚೀಲ ಹಾಕಿ ಮುಚ್ಚಿಡಿ. ಡಾಕ್ಟರಿಗೆ ಅದರಿಂದ, ಸತ್ತೆಯಿಂದ ಸ್ಯಾಂಪಲ್ ಬೇಕಾಗಬಹುದು. ಕಂದು ಹಾಕಿದ್ದೆಲ್ಲ ಬ್ರುಸೆಲ್ಲಾನೇ ಅಲ್ಲ, ಇಲಿ ಉಚ್ಚೆಯಿಂದಲೂ ಬರುವ ಲೆಪ್ಟೋ ಇದೆ, ಐಬಿಆರ್ ಅನ್ನುವ ವೈರಸ್ ರೋಗ ಇದೆ, ಹೊಟ್ಟೆಗೆ ಗುದ್ದಿಸಿಕೊಂಡದ್ದೂ ಇರಬಹುದು. ಹಸುವಿನ ರಕ್ತವನ್ನೂ ತೆಗೆಯುತ್ತಾರೆ. ಒಂದು ಮಾತು ನೆನಪಿರಲಿ, ಆಗ ತಾನೇ ಕಂದು ಹಾಕಿದ ಹಸುವಿನ ರಕ್ತದಲ್ಲಿ ಕೆಲವು ಸಲ ಏನೂ ತೋರಿಸುವುದಿಲ್ಲ. ಎರಡು ಮೂರು ವಾರ ಬಿಟ್ಟು ಮತ್ತೆ ತೆಗೆಸಬೇಕು. ಮೊದಲನೇ ರಿಪೋರ್ಟು ನೆಗೆಟಿವ್ ಬಂತು ಅಂತ ಸುಮ್ನೆ ಆಗಿಬಿಡಬೇಡಿ.

ಸ್ಯಾಂಪಲ್ ಆಯಿತು, ಈಗ ಹೂಳುವುದು. ಕೈಗೆ ರಬ್ಬರ್ ಗ್ಲೌಸು, ಮೂಗು ಬಾಯಿಗೆ ಮಾಸ್ಕು, ಕಾಲಿಗೆ ಬೂಟು. ಗ್ಲೌಸು ಇಲ್ಲವಾ, ತೂತಿಲ್ಲದ ಪ್ಲಾಸ್ಟಿಕ್ ಕವರನ್ನು ಮೊಣಕೈ ತನಕ ಎರಡು ಪದರ ಹಾಕಿ ದಾರ ಕಟ್ಟಿ. ಗುಂಡಿ ನಾಲ್ಕೈದು ಅಡಿ ಆಳ ಇರಲಿ, ಬಾವಿ, ಬೋರು, ನಾಲೆಯಿಂದ ದೂರ ಇರಲಿ. ನಾಲೆ ಬಯಲಲ್ಲಿ ಇದೇ ಕಷ್ಟ, ಗದ್ದೆಯಲ್ಲಿ ಎರಡಡಿ ಅಗೆದರೆ ನೀರು. ಹಂಗಿದ್ದರೆ ಎತ್ತರದ ಹೊಲವನ್ನೇ ಹುಡುಕಬೇಕು. ತಳಕ್ಕೆ ಸುಣ್ಣ, ಅದರ ಮೇಲೆ ಕಂದು, ಸತ್ತೆ, ಒದ್ದೆಯಾದ ಹುಲ್ಲು, ಕೆರೆದು ತೆಗೆದ ಮಣ್ಣು, ಮತ್ತೆ ಮೇಲೆ ದಪ್ಪಗೆ ಸುಣ್ಣ, ಮಣ್ಣು ತುಳಿದು ಮುಚ್ಚಿ ಕಲ್ಲು, ಮುಳ್ಳು. ಕಲ್ಲು ಹಾಕದಿದ್ದರೆ ನಾಯಿ ಒಂದೇ ರಾತ್ರಿಗೆ ಬಗೆದು ತೆಗೆಯುತ್ತದೆ. ವಿ.ಸಿ. ನಾಲೆಗೆ ಎಸೆದರೆ ಮುಗಿಯಿತು ಅನ್ನುವವರು ಇದ್ದಾರಲ್ಲ, ಕೆಳಗಿನ ಊರಿನ ಎಮ್ಮೆ ಅದೇ ನೀರು ಕುಡಿಯುತ್ತದೆ ಸ್ವಾಮಿ. ತಿಪ್ಪೆಗೂ ಬೇಡ. ಬಿಸಿಲಿಗೆ ಈ ರೋಗಾಣು ಬೇಗ ಸಾಯುತ್ತದೆ, ಆದರೆ ನೆರಳು, ತೇವ, ಸಗಣಿ ಸಿಕ್ಕರೆ ವಾರಗಟ್ಟಲೆ, ತಂಪು ಜಾಗದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ನೆಲ ತೊಳೆಯುವುದರಲ್ಲೂ ಒಂದು ಕ್ರಮ ಇದೆ. ಸಗಣಿ, ಲೋಳೆ ಇರುವ ಹಾಗೇ ಬ್ಲೀಚಿಂಗ್ ಪೌಡರ್ ಎರಚಿದರೆ ಅದರ ಶಕ್ತಿಯೆಲ್ಲ ಸಗಣಿಯಲ್ಲೇ ಮುಗಿದುಹೋಗುತ್ತದೆ. ಮೊದಲು ಕೆರೆದು, ಸೋಪು ನೀರಲ್ಲಿ ಉಜ್ಜಿ, ಆಮೇಲೆ ಬ್ಲೀಚಿಂಗ್ ನೀರು ಹಾಕಿ ಅರ್ಧ ಗಂಟೆ ಬಿಡಿ. ಆ ಹಸುವನ್ನು ಲೋಳೆ ಸೋರುವುದು ಪೂರ್ತಿ ನಿಲ್ಲುವ ತನಕ, ಸುಮಾರು ಮೂರು ನಾಲ್ಕು ವಾರ, ಬೇರೆ ಕಟ್ಟಿ, ಹಾಲನ್ನು ಉಳಿದ ಹಸುಗಳದ್ದೆಲ್ಲ ಆದ ಮೇಲೆ ಕೊನೆಗೆ ಕರೆಯಿರಿ. ಹಾಲು ಕುದಿಸಿದರೆ ರೋಗಾಣು ಸಾಯುತ್ತದೆ. ಗಿಣ್ಣು ಬೇಯಿಸಿ ತಿನ್ನುತ್ತೀರಿ ಸರಿ, ಹಸಿ ಹಾಲು ಕುಡಿದರೆ ಶಕ್ತಿ ಅಂತ ಮಕ್ಕಳಿಗೆ ಕೊಡುತ್ತೀರಲ್ಲ, ಅದನ್ನು ಬಿಡಿ.

ಆಮೇಲೆ ಮನೆಯವರಿಗೆ ಯಾರಿಗಾದರೂ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ನೋವು, ಗಂಡಸರಿಗೆ ಬೀಜ ಊದುವುದು ಶುರುವಾದರೆ ಡಾಕ್ಟರಿಗೆ "ನಮ್ಮನೆ ಹಸು ಕಂದು ಹಾಕಿತ್ತು" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಟೈಫಾಯಿಡ್ ಕಡೆಗೇ ನೋಡುತ್ತಾ ಕೂರಬಹುದು. ಮನುಷ್ಯರಿಗೆ ಔಷಧ ಇದೆ, ಸಾಮಾನ್ಯವಾಗಿ ಆರು ವಾರ, ಮಧ್ಯ ಬಿಟ್ಟರೆ ಮರುಕಳಿಸುತ್ತದೆ.

ಇನ್ನು ಲಸಿಕೆ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಇದನ್ನು ಪುಕ್ಕಟೆ ಹಾಕುತ್ತಾರೆ. ಹೆಣ್ಣು ಕರುವಿಗೆ ಮಾತ್ರ, 4ರಿಂದ 8 ತಿಂಗಳ ಒಳಗೆ, ಜೀವಮಾನಕ್ಕೆ ಒಂದೇ ಸಲ. ಹೋರಿಗೆ ಬೇಡ, ಗಬ್ಬದ ಹಸುವಿಗಂತೂ ಬೇಡವೇ ಬೇಡ, ಇದು ಜೀವಂತ ರೋಗಾಣುವಿನ ಲಸಿಕೆ, ಕಂದು ಹಾಕಿಸಿಬಿಡಬಹುದು. ಕರು ಹಿಡಿದುಕೊಳ್ಳುವವರು ಗಟ್ಟಿಯಾಗಿ ಹಿಡಿಯಿರಿ, ಕರು ಒದ್ದಾಡಿ ಸೂಜಿ ನಿಮಗೋ ಡಾಕ್ಟರಿಗೋ ಚುಚ್ಚಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹಾಕಿಸಿದ ದಿನವನ್ನು ಕಿವಿ ಓಲೆಯ ನಂಬರಿನ ಜೊತೆ ಬರೆದಿಡಿ. ನಾಳೆ ಆ ಹಸು ಮಾರುವಾಗ ಕೊಳ್ಳುವವರು ಕೇಳಲಿ, ನೀವು ಕೊಳ್ಳುವಾಗ ನೀವೂ ಕೇಳಿ, ರಕ್ತ ಪರೀಕ್ಷೆ ಆಗುವ ತನಕ ಹೊಸ ಹಸುವನ್ನು ಹಳೇ ಗೋದಲಿಗೆ ಕಟ್ಟಬೇಡಿ.