ಗಿಣ್ಣು ಕಟ್ಟುವುದು ಯಾಕೆ, ಕಟ್ಟದೇ ಇರುವುದು ಯಾಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ಸಂಜೆ ಹೊತ್ತಿಗೆ ಪಾತ್ರೆ ಹಿಡಿದುಕೊಂಡೇ ಬಂದಳು. "ಅಕ್ಕಾ, ಅರ್ಧ ಗಂಟೆ ಹಬೆಯಲ್ಲಿಟ್ಟೆ. ಗಿಣ್ಣು ಕಟ್ಟಲೇ ಇಲ್ಲ, ನೋಡಿ" ಅಂದಳು. ಪಾತ್ರೆ ಅಲ್ಲಾಡಿಸಿದೆ. ಅಂಚಿನಲ್ಲಿ ಮೊಸರಿನ ಕೆನೆಯ ಹಾಗೆ ಸ್ವಲ್ಪ ಹಿಡಿದಿತ್ತು. ನಡುವೆ ಬರೀ ಬೆಲ್ಲದ ಹಾಲು.

ನಾನು ಕೇಳಿದ್ದು ಒಂದೇ ಮಾತು, "ಹಸು ಈದು ಎಷ್ಟನೇ ದಿನದ ಹಾಲು?" ಅಂತ. ಮೂರನೇ ದಿನದ್ದಂತೆ. ಅದಕ್ಕೆ ಎರಡರಷ್ಟು ಮಾಮೂಲಿ ಹಾಲು ಬೇರೆ ಬೆರೆಸಿದ್ದಳು. ಅವಳಮ್ಮ ಯಾವಾಗಲೂ ಹಾಗೇ ಬೆರೆಸುತ್ತಿದ್ದರಂತೆ. ಅಮ್ಮನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಮೊದಲ ದಿನದ ಹಾಲಿನ ಲೆಕ್ಕ.

ನಾವು ದಿನಾ ಕಾಯಿಸುವ ಹಾಲು ಎಷ್ಟು ಕುದಿಸಿದರೂ ಗಟ್ಟಿಯಾಗುವುದಿಲ್ಲ, ಅಲ್ವಾ? ಆ ಹಾಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರು ಮೂರೂವರೆ ಭಾಗ. ಅದರಲ್ಲೂ ಹೆಚ್ಚಿನದು ಕೇಸೀನ್. ಕೇಸೀನ್ ಹುಳಿಗೆ ಒಡೆಯುತ್ತದೆ, ಬರೀ ಬಿಸಿಗೆ ಹೆದರುವುದಿಲ್ಲ. ಈದ ಹಸುವಿನ ಮೊದಲ ಕರಾವಿನಲ್ಲಿ ಪ್ರೋಟೀನ್ ನೂರಕ್ಕೆ ಹದಿನಾಲ್ಕರ ಸುಮಾರು ಇರುತ್ತದೆ. ಹೀಗೆ ಹೆಚ್ಚಾಗಿ ಬಂದದ್ದರಲ್ಲಿ ಬಹುಪಾಲು ಕರುವನ್ನು ರೋಗದಿಂದ ಕಾಯುವ ಪ್ರೋಟೀನ್. ಅದರ ಸ್ವಭಾವ ಮೊಟ್ಟೆಯ ಬಿಳಿಯ ಹಾಗೆ. ಬಿಸಿ ತಾಗಿದರೆ ಸುರುಳಿ ಬಿಚ್ಚಿ, ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತದೆ. ಹಾಲಿನ ನೀರು, ಬೆಣ್ಣೆಯಂಶ, ಬೆಲ್ಲ ಎಲ್ಲ ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತವೆ. ಅದೇ ಗಿಣ್ಣು.

ಈ ಪ್ರೋಟೀನ್ ಒಂದೊಂದು ಕರಾವಿಗೂ ಇಳಿಯುತ್ತಾ ಹೋಗುತ್ತದೆ. ಎರಡನೇ ದಿನ ಅರ್ಧಕ್ಕಿಂತ ಕಡಿಮೆ. ಮೂರನೇ ದಿನ ಮಾಮೂಲಿ ಹಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಾಗಿ ಮೊದಲ ಕರಾವಿನ ಒಂದು ಲೋಟಕ್ಕೆ ಎರಡು ಲೋಟ ಹಸಿ ಹಾಲು ಬೆರೆಸಬಹುದು. ಎರಡನೇ ದಿನದ್ದಕ್ಕೆ ಅರ್ಧ ಲೋಟ, ಹೆಚ್ಚೆಂದರೆ ಒಂದು. ಮೂರನೇ ದಿನದ್ದಕ್ಕೆ ಏನೂ ಬೆರೆಸಬಾರದು. ಹಸುವಿನಿಂದ ಹಸುವಿಗೆ ಇದು ಬದಲಾಗುತ್ತದೆ. ಅದಕ್ಕೇ ನಾನು ಪೂರ್ತಿ ಹಾಲು ಇಡುವ ಮೊದಲು ಎರಡು ಚಮಚ ಒಂದು ಬಟ್ಟಲಿಗೆ ಹಾಕಿ ಹಬೆಯಲ್ಲಿಟ್ಟು ನೋಡುತ್ತೇನೆ. ಐದಾರು ನಿಮಿಷದಲ್ಲಿ ಗೊತ್ತಾಗುತ್ತದೆ. ರಬ್ಬರಿನ ಹಾಗೆ ಬಿಗಿಯಾದರೆ ಇನ್ನಷ್ಟು ಹಾಲು ಬೆರೆಸುತ್ತೇನೆ. ಕಟ್ಟದೆ ಹೋದರೆ ಇನ್ನಷ್ಟು ಗಿಣ್ಣದ ಹಾಲು ಸೇರಿಸುತ್ತೇನೆ.

ನೇರ ಒಲೆಯ ಮೇಲಿಟ್ಟರೆ ಆಗಲ್ವಾ ಅಂತ ಕೇಳುತ್ತಾರೆ. ತಳಕ್ಕೆ ಬಿಸಿ ಮೊದಲು ತಾಗುತ್ತದೆ, ಅಲ್ಲಿ ಗಂಟು ಕಟ್ಟಿ ಹತ್ತಿಕೊಳ್ಳುತ್ತದೆ, ಮೇಲಿನದು ಇನ್ನೂ ತಣ್ಣಗೇ ಇರುತ್ತದೆ. ಕೈಯಾಡಿಸಿದರಂತೂ ಬಲೆ ಹರಿದು ಒಡೆದ ಹಾಲಿನ ಹಾಗೆ ಚೂರಾಗುತ್ತದೆ. ಹಬೆಯಾದರೆ ಪಾತ್ರೆಗೆ ಸುತ್ತಲಿಂದಲೂ ಬಿಸಿ ಕೊಡುತ್ತದೆ, ಕಲಕುವ ಕೆಲಸವೇ ಇಲ್ಲ.

ನಮ್ಮ ಮನೆಯ ಅಳತೆ ಹೇಳುತ್ತೇನೆ. ಮೊದಲ ಕರಾವಿನ ಹಾಲು ಅರ್ಧ ಲೀಟರ್, ಹಸಿ ಹಾಲು ಒಂದು ಲೀಟರ್, ಪುಡಿ ಮಾಡಿದ ಬೆಲ್ಲ ಕಾಲು ಕೆ.ಜಿ. ಬೆಲ್ಲವನ್ನು ತಣ್ಣನೆ ಹಾಲಿನಲ್ಲೇ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಏಲಕ್ಕಿ ಪುಡಿ ಹಾಕುತ್ತೇನೆ. ಒಂದೂವರೆ ಇಂಚಿಗಿಂತ ಆಳವಾಗದಂತೆ ಅಗಲದ ಪಾತ್ರೆಗೆ ಸುರಿದು, ಹಬೆಯ ನೀರು ತೊಟ್ಟಿಕ್ಕದಂತೆ ಮೇಲೊಂದು ತಟ್ಟೆ ಮುಚ್ಚುತ್ತೇನೆ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಒಳಗಿಟ್ಟು, ಉರಿ ಮಧ್ಯಮಕ್ಕಿಳಿಸಿ, ಇಪ್ಪತ್ತೈದರಿಂದ ಮೂವತ್ತು ನಿಮಿಷ. ಉರಿ ಜಾಸ್ತಿಯಾದರೆ ಗಿಣ್ಣಿನ ತುಂಬ ತೂತು ಬೀಳುತ್ತದೆ, ಕತ್ತರಿಸಿದಾಗ ನೀರು ಬಿಡುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ಮಾತಿಗೆ ಬರುತ್ತೇನೆ. ಹಸಿ ಗಿಣ್ಣದ ಹಾಲಿನಲ್ಲಿ ಬ್ರುಸೆಲ್ಲಾ ಎಂಬ ರೋಗಾಣು ಇರಬಹುದು. ದನಕ್ಕೆ ಅದು ಬಂದರೆ ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಮನುಷ್ಯರಿಗೆ ಬಂದರೆ ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು. ಹಾಲಿನಿಂದ ಕ್ಷಯವೂ ಬರಬಹುದು. ಈ ರೋಗಾಣುಗಳು 72 ಡಿಗ್ರಿ ಬಿಸಿಯಲ್ಲಿ ಹದಿನೈದು ಸೆಕೆಂಡಿನಲ್ಲಿ ಸಾಯುತ್ತವೆ. ಗಿಣ್ಣು ಗಟ್ಟಿಯಾಗುವುದು ಸುಮಾರು 75ರಿಂದ 80 ಡಿಗ್ರಿಯಲ್ಲಿ. ಹಾಗಾದರೆ ನಡುಮಧ್ಯದಲ್ಲಿ ಗಿಣ್ಣು ಕಟ್ಟಿದೆ ಎಂದರೆ ಅಲ್ಲಿಯವರೆಗೂ ಬಿಸಿ ತಲುಪಿದೆ ಎಂದೇ ಅರ್ಥ. ಆದ್ದರಿಂದ ಚಾಕುವನ್ನು ಅಂಚಿನಲ್ಲಿ ಚುಚ್ಚಬೇಡಿ, ನಡುವೆ ತಳದವರೆಗೆ ಚುಚ್ಚಿ. ಹಾಲು ಹತ್ತದೆ ಹೊರಬರಬೇಕು. ಹತ್ತಿದರೆ ಇನ್ನೂ ಹತ್ತು ನಿಮಿಷ ಇಡಿ. ಚೈನಾ ಗ್ರಾಸ್ ಹಾಕಿ ಮಾಡುವ ಗಿಣ್ಣಿಗೆ ಈ ಗುರುತು ನಡೆಯುವುದಿಲ್ಲ. ಅದು ತಣ್ಣಗಾದಾಗ ಗಟ್ಟಿಯಾಗುವಂಥದ್ದು.

ಆದರೆ ಬಿಸಿಗೆ ಜಗ್ಗದ ಸಂಗತಿಗಳೂ ಇವೆ. ಹಸು ಈಯುವುದಕ್ಕೆ ಮುಂಚೆ ಕರೆಯುವುದು ನಿಲ್ಲಿಸಿ ಹಾಲು ಬತ್ತಿಸುವಾಗ, ಕೆಚ್ಚಲು ಬಾವು ಬಾರದಿರಲಿ ಎಂದು ಮೊಲೆಯೊಳಕ್ಕೆ ಔಷಧಿ ಏರಿಸಿರುತ್ತಾರೆ. ಹಸು ದಿನ ತುಂಬುವ ಮೊದಲೇ ಈದರೆ ಅದರ ಅಂಶ ಗಿಣ್ಣದ ಹಾಲಿನಲ್ಲಿ ಉಳಿದಿರಬಹುದು. ಹಬೆ ಅದನ್ನು ಪೂರ್ತಿ ಕಳೆಯುವುದಿಲ್ಲ. ಹಾಲು ಕೊಡುವವರನ್ನು "ಮೊಲೆಗೆ ಔಷಧಿ ಬಿಟ್ಟಿದ್ದಿರಾ, ಯಾವಾಗ?" ಎಂದು ಸಂಕೋಚವಿಲ್ಲದೆ ಕೇಳಿ. ಎಷ್ಟು ದಿನ ಆ ಹಾಲು ಬಳಸಬಾರದು ಎಂದು ಔಷಧಿ ಕೊಟ್ಟ ಪಶುವೈದ್ಯರು ಹೇಳುತ್ತಾರೆ. ಗಿಣ್ಣದ ಹಾಲು ಹಳದಿಯಾಗಿ ಮಂದವಾಗಿರುವುದು ಸಹಜ. ಗಂಟು, ಕೀವು, ಕೆಟ್ಟ ವಾಸನೆ, ರಕ್ತದ ಎಳೆ ಕಂಡರೆ ಬೇಡ. ಕಂದು ಹಾಕಿದ ಹಸುವಿನದೂ ಬೇಡ. ಹುಚ್ಚುನಾಯಿ ಕಚ್ಚಿದ ಹಸುವಿನದಂತೂ ಬೇಡವೇ ಬೇಡ.

ಈ ಹಾಲು ಬೇಗ ಕೆಡುತ್ತದೆ. ಕರೆದ ಎರಡು ಗಂಟೆಯೊಳಗೆ ಹಬೆಗಿಡಿ, ಇಲ್ಲವೇ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನದೊಳಗೆ ಮುಗಿಸಿ. ಬಸ್ಸಿನಲ್ಲಿ ಊರಿಂದ ತರಿಸುವವರು ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿಸಿಕೊಳ್ಳಿ. ಬಿಸಿಲಲ್ಲಿ ಅರ್ಧ ದಿನ ಕುಳಿತ ಹಾಲಿನಲ್ಲಿ ಕೆಲವು ಬ್ಯಾಕ್ಟೀರಿಯಾ ವಿಷ ಬಿಡುತ್ತವೆ. ಹಬೆಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೇ ಉಳಿಯುತ್ತದೆ. ಮಾಡಿದ ಗಿಣ್ಣನ್ನೂ ಹೊರಗೆ ಬಿಡಬೇಡಿ, ಫ್ರಿಜ್ಜಿನಲ್ಲಿ ಎರಡು ದಿನ ಸಾಕು.

ಇಷ್ಟೆಲ್ಲಕ್ಕೂ ಮೊದಲು ಕರುವಿನ ಪಾಲು. ಹಸುವಿನ ಹೊಟ್ಟೆಯಲ್ಲಿದ್ದಾಗ ಕರುವಿಗೆ ತಾಯಿಯಿಂದ ಆ ಕಾಯುವ ಪ್ರೋಟೀನ್ ಸಿಗುವುದಿಲ್ಲ. ಹುಟ್ಟಿದ ಮೇಲೆ ಕುಡಿದೇ ಪಡೆಯಬೇಕು. ಅದನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುಳಿಗೆ ಒಂದು ದಿನದವರೆಗೆ ಮಾತ್ರ, ಗಂಟೆ ಗಂಟೆಗೂ ಅದು ಕಡಿಮೆಯಾಗುತ್ತದೆ. ಇಪ್ಪತ್ತೈದು ಕೆ.ಜಿ. ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಬೇಕು. ಮೊದಲ ಸಲದ್ದು ಹುಟ್ಟಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಮಾಸು, ಅಂದರೆ ಕರು ಹುಟ್ಟಿದ ಮೇಲೆ ಬೀಳುವ ಗರ್ಭದ ಚೀಲ, ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎಂದು ಕೆಲವರು ಕಾಯುತ್ತಾರೆ. ದಯವಿಟ್ಟು ಕಾಯಬೇಡಿ. ಮಾಸು ಬೀಳುವುದಕ್ಕೆ ಎಂಟು ಹತ್ತು ಗಂಟೆಯಾದರೂ ಆದೀತು. ಕರು ಕುಡಿದು ಮಿಕ್ಕಿದ್ದರಲ್ಲಿ ನಮ್ಮ ಗಿಣ್ಣು.

ಆ ಹುಡುಗಿಯ ಪಾತ್ರೆಯ ಕಥೆ ಏನಾಯಿತು ಅಂದಿರಾ? ಮತ್ತೆ ಹಬೆಯಲ್ಲಿಟ್ಟು ಪ್ರಯೋಜನವಿರಲಿಲ್ಲ, ಬಲೆ ಹೆಣೆಯುವಷ್ಟು ಪ್ರೋಟೀನೇ ಅದರಲ್ಲಿ ಇರಲಿಲ್ಲ. ಚೆನ್ನಾಗಿ ಕುದಿಸಿದೆವು. ಅಲ್ಲಲ್ಲಿ ಒಡೆದು ಕಾಳುಕಾಳಾಯಿತು. ಅವಲಕ್ಕಿ ಹಾಕಿ ಪಾಯಸ ಮಾಡಿ ಎರಡೂ ಮನೆಯವರು ತಿಂದೆವು. ಐದನೇ ದಿನ ಅದೇ ಹಸುವಿನ ಹಾಲನ್ನು ಅವಳು ಒಂದು ಲೋಟ ಕಾಯಿಸಿ ನೋಡಿದಳು. ಒಡೆಯದೆ ಉಕ್ಕಿ ಬಂತು. ಅವತ್ತಿನಿಂದ ಕಾಫಿಗೆ ಅದೇ ಹಾಲು.

ನಮಸ್ಕಾರ.