ಪರದೇಶಿ ಅಂದ ಅಜ್ಜಿ, ಚೀನಿ ಅಂದ ಹುಡುಗ

ನಮಸ್ಕಾರ. ಇವತ್ತು ಎರಡು ಮಾತಿನ ಬಗ್ಗೆ ಹೇಳಬೇಕು ಅಂತ ಕೂತಿದ್ದೇನೆ. ಎರಡನ್ನೂ ಲಕ್ಕುಂಡಿಯ ಬಸ್ ಸ್ಟಾಪಿನಲ್ಲಿ, ಹತ್ತು ನಿಮಿಷದ ಒಳಗೆ ಕೇಳಿದೆ.

ನನ್ನ ಜೊತೆ ಒಬ್ಬ ಗೆಳತಿ ಇದ್ದಳು. ಜಪಾನಿನವಳು. ಧಾರವಾಡದಲ್ಲಿ ಬಾಡಿಗೆ ಮನೆ ಹಿಡಿದು ಕನ್ನಡ ಕಲಿಯುತ್ತಿದ್ದಾಳೆ. ಬೆಳಿಗ್ಗೆಯಿಂದ ಇಬ್ಬರೂ ಕಾಶಿ ವಿಶ್ವನಾಥ ಗುಡಿ, ಬ್ರಹ್ಮ ಜಿನಾಲಯ, ಮುಸುಕಿನ ಬಾವಿ ಎಲ್ಲ ನೋಡಿ, ಬಿಸಿಲಿಗೆ ಸುಸ್ತಾಗಿ, ಗದಗಿನ ಬಸ್ಸಿಗೆ ಕಾಯುತ್ತಿದ್ದೆವು. ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಇವಳನ್ನು ನೋಡಿದಳು, ಕೆಂಪಾದ ಮುಖ ನೋಡಿದಳು, ನನ್ನ ಕಡೆ ತಿರುಗಿ ಹೇಳಿದಳು: "ಅಯ್ಯ ಪಾಪ, ತಂದಿ-ತಾಯಿ ಬಿಟ್ಟು ಪರದೇಶಿ ಆಗಿ ಬಂದಾಳಲ್ಲವಾ ಕೂಸು. ಉಂಡಾಳೇನು?"

ಸ್ವಲ್ಪ ಹೊತ್ತಿಗೆ ಚಹಾದ ಅಂಗಡಿಯಿಂದ ಇಬ್ಬರು ಹುಡುಗರು ಬಂದರು. ಕಾಲೇಜು ವಯಸ್ಸು. ಒಬ್ಬ ಇನ್ನೊಬ್ಬನಿಗೆ ಮೊಣಕೈ ತಿವಿದು ಅಂದ: "ಚೀನಿ ಬಂತು ನೋಡಲೇ."

ಬಸ್ಸಿನಲ್ಲಿ ಕೂತ ಮೇಲೆ ಗೆಳತಿ ಪುಸ್ತಕ ತೆಗೆದಳು. ಕೇಳಿದ ಮಾತೆಲ್ಲ ಬರೆದಿಡುವ ಅಭ್ಯಾಸ ಅವಳಿಗೆ. "ಅಜ್ಜಿ ಯಾಕೆ ನನ್ನನ್ನ ಬೈದರು?" ಅಂತ ಕೇಳಿದಳು. ಪರದೇಶಿ ಅಂದರೆ ಗತಿ ಇಲ್ಲದವರು, ಭಿಕ್ಷುಕರು ಅಂತ ಅವಳಿಗೆ ಯಾರೋ ಹೇಳಿಕೊಟ್ಟಿದ್ದರು. ಹುಡುಗನ ಮಾತು ಅವಳಿಗೆ ಹತ್ತಿರಲಿಲ್ಲ. ಚೀನಿ ಅಂದರೆ ಚೀನಾದವರು, ಪಾಪ ಗೊತ್ತಿಲ್ಲದೆ ಅಂದಿದ್ದಾನೆ, ಅಷ್ಟೇ ಅಂದುಕೊಂಡಿದ್ದಳು.

ಅವಳು ಎರಡನ್ನೂ ತಿರುವುಮುರುವು ಹಿಡಿದಿದ್ದಳು. ಆದರೆ ಶಬ್ದದ ಅರ್ಥ ನೋಡಿ ಹೇಳೋದಾದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನ್ನನ್ನ ಕಾಡಿದ್ದು.

ಮೊದಲು ಪರದೇಶಿ ತಗೊಳ್ಳೋಣ. ಪರ ಅಂದರೆ ಬೇರೆ, ದೇಶ ಅಂದರೆ ದೇಶ. ಬೇರೆ ದೇಶದವನು, ಅಷ್ಟೇ. ಒಂದು ಚೂರು ವಿಷ ಇಲ್ಲ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ. ಅದರ ಹೆಸರೇ ಪರದೇಶಿ ಸಿನಗಾಗ್. ಸ್ಪೇನ್ ಮತ್ತೆ ಬೇರೆ ಬೇರೆ ಕಡೆಯಿಂದ ಬಂದ ಯಹೂದಿಗಳ ಮಂದಿರ ಅನ್ನೋದಕ್ಕೆ ಆ ಹೆಸರು. ಅಲ್ಲಿನ ಪರದೇಶಿಗಳು ವ್ಯಾಪಾರಸ್ಥರು. ಯಾರೂ ಅವರನ್ನ ಅಯ್ಯೋ ಪಾಪ ಅನ್ನುತ್ತಿರಲಿಲ್ಲ. ಹಿಂದಿಗೆ ಹೋದರೆ ಪರದೇಸಿ ಅಂದರೆ ದೂರ ಹೋದ ನಲ್ಲ, ಹಾಡಿನಲ್ಲಿ ಬರುವವನು.

ನಮ್ಮಲ್ಲಿ ಮಾತ್ರ ಅದು ಬೇರೆ ದಾರಿ ಹಿಡಿಯಿತು. ತಮಿಳಿನಲ್ಲೂ ಹೀಗೇ ಆಗಿದೆ. ಅಪ್ಪ ಸತ್ತರೆ "ಮಕ್ಕಳು ಪರದೇಶಿ ಆದವು" ಅನ್ನುತ್ತೇವೆ. ಆ ಮಕ್ಕಳು ಊರು ಬಿಟ್ಟು ಎಲ್ಲೂ ಹೋಗಿಲ್ಲ, ಅಲ್ವಾ? ಅದೇ ಮನೆ, ಅದೇ ಓಣಿ. ಆದರೂ ಪರದೇಶಿ. ಯಾಕೆ? ನಮ್ಮ ಹಳ್ಳಿಯಲ್ಲಿ ಒಬ್ಬ ಮನುಷ್ಯನ ಬೆಲೆ ಅವನ ಹಿಂದೆ ಯಾರಿದ್ದಾರೆ ಅನ್ನೋದರ ಮೇಲೆ ನಿಂತಿರುತ್ತಿತ್ತು. ಹೊಲ ಎಲ್ಲಿದೆ, ಬೀಗರು ಯಾರು, ಯಾವ ಮನೆತನ. ಹೊರಗಿನಿಂದ ಬಂದವನಿಗೆ ಇದು ಒಂದೂ ಇಲ್ಲ. ಜಗಳ ಆದರೆ ಅವನ ಪರ ನಿಲ್ಲೋರಿಲ್ಲ, ಸತ್ತರೆ ಹೊರೋರಿಲ್ಲ. ಹೇಳೋರು ಕೇಳೋರು ಇಲ್ಲದವನು. ಹಾಗಾಗಿ ಬೇರೆ ದೇಶ ಅನ್ನೋ ಅರ್ಥ ಹಿಂದೆ ಸರಿದು, ದಿಕ್ಕಿಲ್ಲದವನು ಅನ್ನೋ ಅರ್ಥ ಮುಂದೆ ಬಂತು. ಕನಿಕರ ಅಲ್ಲಿಂದ ಹುಟ್ಟಿತು. ಬೈಗುಳ ಕೂಡ ಅಲ್ಲಿಂದಲೇ.

ಒಂದು ವಿಚಿತ್ರ ನೋಡಿ. ನಮ್ಮ ಕಡೆ ಪರಸ್ಥಳ ಅಂತ ಇನ್ನೊಂದು ಮಾತಿದೆ. "ಅವರು ಪರಸ್ಥಳದವರು, ದಾರಿ ತೋರಸಪಾ" ಅನ್ನುತ್ತೇವೆ. ಅದೇ ಪರ. ಆದರೂ ಪರಸ್ಥಳದವರು ಇವತ್ತಿಗೂ ಮರ್ಯಾದೆಯ ಮಾತಾಗಿಯೇ ಉಳಿದಿದೆ. ಅದನ್ನ ನಾವು ಅತಿಥಿಗೆ, ಗಿರಾಕಿಗೆ, ಜಾತ್ರೆಗೆ ಬಂದವರಿಗೆ ಬಳಸಿದೆವು. ಅನಾಥರಿಗೆ ಬಳಸಲಿಲ್ಲ. ಶಬ್ದ ಕೆಡೋದು ಅದರ ಹುಟ್ಟಿನಿಂದ ಅಲ್ಲ, ಯಾರ ತಲೆ ಮೇಲೆ ದಿನಾ ಬೀಳುತ್ತೆ ಅನ್ನೋದರಿಂದ.

ಹೊರಗಿನವನ ಹೆಸರಿಗೆ ಬಡತನ ಸೇರಿದರೆ ತಿರಸ್ಕಾರ ಬರುತ್ತೆ ಅನ್ನೋದು ನಮ್ಮದೊಂದೇ ಕಥೆ ಅಲ್ಲ. ಫಿರಂಗಿ ಅಂತೀವಲ್ಲ, ಅದು ಯುರೋಪಿನ ಫ್ರಾಂಕ್ ಅನ್ನೋ ಜನಾಂಗದ ಹೆಸರು. ಅರಬರು, ಪರ್ಶಿಯಾದವರು ಪಶ್ಚಿಮ ಯುರೋಪಿನ ಎಲ್ಲರಿಗೂ ಅದೇ ಹೆಸರು ಇಟ್ಟರು. ನಮಗೆ ಬರುವಾಗ ಅದು ಪೋರ್ಚುಗೀಸರಾಯಿತು, ಅವರ ತೋಪಾಯಿತು. 16ನೇ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲಿ ಅವರ ಜೊತೆ ಬಂದ ಲೈಂಗಿಕ ಕಾಯಿಲೆಗೂ ಫಿರಂಗ ರೋಗ ಅಂತ ಹೆಸರು ಬಿತ್ತು. ಥಾಯ್ಲೆಂಡಿನಲ್ಲಿ ಇದೇ ಶಬ್ದ ಫರಂಗ್. ಬಿಳಿ ಚರ್ಮದ ಪ್ರವಾಸಿಗೆಲ್ಲ ಅಲ್ಲಿ ಅದನ್ನೇ ಅನ್ನುತ್ತಾರೆ, ಸುಮ್ನೆ, ಬೇಜಾರಿಲ್ಲದೆ. ಪೇರಲಹಣ್ಣಿಗೂ ಅದೇ ಹೆಸರು. ಆದರೆ ಕೊಳಕು ಬಟ್ಟೆ ಹಾಕಿಕೊಂಡು, ಅಲ್ಲಿನ ದುಡ್ಡು ಹತ್ತು ಬಾತಿಗೂ ಚೌಕಾಸಿ ಮಾಡುವ ಬಿಳಿಯನಿಗೆ ಫರಂಗ್ ಖೀ ನೋಕ್ ಅನ್ನುತ್ತಾರೆ. ಖೀ ನೋಕ್ ಅಂದರೆ ಹಕ್ಕಿಯ ಹಿಕ್ಕೆ. ಇದೂ ಪರದೇಶಿಯ ಕಥೆಯೇ. ಫರಂಗ್ ಅಷ್ಟೇ ಕೇಳಿದ ಪ್ರವಾಸಿ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಹಿಂದೆ ಬಂದ ಎರಡು ಶಬ್ದ ಕೇಳಿಸಿಕೊಳ್ಳದೆ ಹೋದರೆ ಮಾತ್ರ ಅವನಿಗೆ ಏನೂ ಗೊತ್ತಾಗಲ್ಲ.

ಇದನ್ನು ಹೇಳಿದಾಗ ಗೆಳತಿ ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡುತ್ತಾ ಕೂತಳು. ಆಮೇಲೆ ತನ್ನ ಊರಿನ ಮಾತು ಹೇಳಿದಳು. ಗೈಜಿನ್. ಗೈ ಅಂದರೆ ಹೊರಗೆ, ಜಿನ್ ಅಂದರೆ ಮನುಷ್ಯ. ಪೂರ್ತಿ ಶಬ್ದ ಗೈಕೊಕುಜಿನ್, ನಡುವಿನ ಕೊಕು ಅಂದರೆ ದೇಶ. ಹೊರದೇಶದ ಮನುಷ್ಯ. ಟಿವಿಯಲ್ಲಿ, ಕಚೇರಿಯಲ್ಲಿ ಪೂರ್ತಿ ಶಬ್ದವನ್ನೇ ಹೇಳುತ್ತಾರೆ. ನಡುವಿನ ದೇಶವನ್ನು ತೆಗೆದುಬಿಟ್ಟರೆ ಉಳಿಯೋದು ಬರೀ ಹೊರಗಿನವನು. "ಚಿಕ್ಕವಳಿದ್ದಾಗ ನಾನೂ ರಸ್ತೆಯಲ್ಲಿ ಬೆರಳು ತೋರಿಸಿ ಗೈಜಿನ್ ಅಂತ ಕೂಗಿದ್ದೆ. ಅಮ್ಮ ಕೈ ಹಿಡಿದು ಕೆಳಗಿಳಿಸಿದರು" ಅಂದಳು. ಬಾಯಿ ಮುಚ್ಚಿಸಲಿಲ್ಲ, ಕೈ ಇಳಿಸಿದರು. ಆ ತಾಯಿಗೆ ತಪ್ಪು ಎಲ್ಲಿದೆ ಅಂತ ಸರಿಯಾಗಿ ಗೊತ್ತಿತ್ತು ಅನಿಸಿತು ನನಗೆ.

ಕನ್ನಡದಲ್ಲಿ ಆ ಬೆರಳು ಇರೋದು ಕ್ರಿಯಾಪದದ ಕೊನೆಯಲ್ಲಿ. ಬೇರೆ ಭಾಷೆಯಲ್ಲಿ ನಾಮಪದವನ್ನು ಕಾಯಬೇಕು, ನಮ್ಮಲ್ಲಿ ವಾಕ್ಯದ ಬಾಲವನ್ನು ಕಾಯಬೇಕು. ಮತ್ತೊಮ್ಮೆ ಎರಡು ಮಾತೂ ಕೇಳಿ. ಅಜ್ಜಿ ಅಂದದ್ದು "ಬಂದಾಳಲ್ಲವಾ." ಹುಡುಗ ಅಂದದ್ದು "ಬಂತು ನೋಡಲೇ." ಅಜ್ಜಿಯ ವಾಕ್ಯದಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಹುಡುಗನ ವಾಕ್ಯದಲ್ಲಿ ಒಂದು ಎಮ್ಮೆ ಬಂದ ಹಾಗೆ, ಒಂದು ಬಸ್ಸು ಬಂದ ಹಾಗೆ, ಏನೋ ಒಂದು ಬಂತು. ಜೊತೆಗೆ "ಲೇ." ಅದು ಗೆಳೆಯನಿಗೆ ಹೇಳಿದ್ದು, ಅವಳಿಗಲ್ಲ. ಅವಳು ಎದುರಿಗೇ ಇದ್ದರೂ ಮಾತು ಅವಳ ತಲೆ ಮೇಲಿಂದ ಹೋಯಿತು.

ಹಾಗಂತ ಬಂತು ಅಂದರೆಲ್ಲ ತಿರಸ್ಕಾರ ಅಂತ ತಿಳಿಯಬೇಡಿ. ಕೂಸಿಗೆ "ಮಲಗೇತಿ" ಅನ್ನುತ್ತೇವೆ, ಮುದ್ದಿಗೆ. ಕೆಲವು ಮನೆಗಳಲ್ಲಿ ಮಗಳಿಗೂ "ಅದು ಸಾಲಿಗೆ ಹೋಗೇತಿ" ಅನ್ನುತ್ತಾರೆ. ಅಲ್ಲಿ ಆ ಮಾತಿನ ಹಿಂದೆ ಮಡಿಲಿದೆ. ಗುರುತು ಇಲ್ಲದ ದೊಡ್ಡವರಿಗೆ ಅದೇ ರೂಪ ಹಚ್ಚಿದಾಗ ಮಡಿಲಿರಲ್ಲ.

ಹುಬ್ಬಳ್ಳಿಯಲ್ಲಿ ಭೈಯಾ ಅನ್ನೋ ಶಬ್ದವನ್ನೇ ನೋಡಿ. ಅಣ್ಣ ಅಂತ ಅರ್ಥ, ಇದಕ್ಕಿಂತ ಒಳ್ಳೆ ಮಾತು ಬೇಕಾ? ಪಾನಿಪೂರಿ ಗಾಡಿ ಎದುರು ನಿಂತು "ಭೈಯಾ, ಖಾರಾ ಜಾಸ್ತಿ ಹಾಕ್ರಿ" ಅಂದರೆ ಅವನು ಅಣ್ಣನೇ. ಅದೇ ಮನುಷ್ಯ ಆ ಕಡೆ ಹೋದ ಮೇಲೆ "ಈ ಭೈಯಾಗೋಳು ಬಂದು ಊರು ಹೊಲಸಾತು" ಅಂದರೆ ಶಬ್ದ ಅದೇ, ಅಣ್ಣ ಇಲ್ಲ. ಕರೆಯುವಾಗ ಒಂದು, ಬಹುವಚನದಲ್ಲಿ ಹಿಂದೆ ಆಡುವಾಗ ಇನ್ನೊಂದು. ಒಂದು ಶಬ್ದ ಕೆಡುತ್ತಿದೆಯಾ ಅಂತ ನೋಡಲು ನಾನು ಇದನ್ನೇ ಗಮನಿಸುತ್ತೇನೆ: ಮುಖ ನೋಡಿ ಹೇಳೋ ಅದೇ ಶಬ್ದವನ್ನು ಬೆನ್ನ ಹಿಂದೆ ಅದೇ ದನಿಯಲ್ಲಿ ಹೇಳುತ್ತಾರಾ? ಇನ್ನೊಂದು, ಹೆಸರು ಗೊತ್ತಾದ ಮೇಲೂ ಆ ಶಬ್ದ ಬಿಡುತ್ತಾರಾ ಇಲ್ಲವಾ? ನನ್ನ ಗೆಳತಿ ಒಂದೇ ಕಿರಾಣಿ ಅಂಗಡಿಯಲ್ಲಿ ಆರು ತಿಂಗಳು ಅಕ್ಕಿ-ಬೇಳೆ ತಂದಳು. ಹೆಸರು ಹೇಳಿದ್ದಳು, ಕನ್ನಡದಲ್ಲೇ ಕೇಳುತ್ತಿದ್ದಳು. ಅವರು ಕೊನೆಯವರೆಗೂ "ಏ ಫಾರಿನ್, ಏನ್ ಬೇಕು?" ಅಂದೇ ಕೇಳಿದರು. ಫಾರಿನ್ ಅನ್ನೋದರಲ್ಲಿ ಏನು ಕೆಟ್ಟದ್ದಿದೆ? ಏನಿಲ್ಲ. ಆರು ತಿಂಗಳು ಅನ್ನೋದರಲ್ಲಿ ಇದೆ.

ಇದು ಪ್ರವಾಸಿಗೆ ಒಂದು ದಿನದ ನೋವು. ಊರಿಗೆ ಹೋದ ಮೇಲೆ ಮರೆತಾರು. ನನಗೆ ಜಾಸ್ತಿ ಸಂಕಟ ಆಗೋದು ಸಿದ್ದಿಗಳ ವಿಷಯಕ್ಕೆ. ಹಳಿಯಾಳ, ಯಲ್ಲಾಪುರ, ಕಲಘಟಗಿಯ ಕಡೆಯಿಂದ ಹುಬ್ಬಳ್ಳಿಗೆ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಬರುತ್ತಾರೆ. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಎಷ್ಟೋ ತಲೆಮಾರಾಯಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ಆದರೂ ಬಸ್ಸಿನಲ್ಲಿ ಅವರ ಪಕ್ಕ ಕೂತವರು "ಯಾವ ದೇಶ?" ಅಂತ ಕೇಳುತ್ತಾರೆ, ಹಿಂದಿನ ಸೀಟಿನಿಂದ "ಹಬಶಿ" ಅನ್ನೋ ಮಾತು ಬರುತ್ತೆ. ಹಬಶ್ ಅಂದರೆ ಅರಬ್ಬಿಯಲ್ಲಿ ಇಥಿಯೋಪಿಯಾ, ಹಬಶಿ ಅಂದರೆ ಅಲ್ಲಿಯವನು. ಬರೀ ಊರಿನ ಹೆಸರು. ಆದರೆ ನನ್ನ ಪಕ್ಕದ ತಾಲೂಕಿನವನಿಗೆ, ನನ್ನ ಭಾಷೆ ಆಡುವವನಿಗೆ, ಸಮುದ್ರದ ಆಚೆಯ ಊರಿನ ಹೆಸರು ಹಿಡಿದು ಕರೆದರೆ ಏನರ್ಥ? ನೀನು ಇನ್ನೂ ಬಂದೇ ಇಲ್ಲ ಅಂತ. ಇದನ್ನು ಕೇಳಿಯೂ ಸುಮ್ಮನಿದ್ದ ಬಸ್ಸುಗಳಲ್ಲಿ ನಾನೂ ಕೂತಿದ್ದೇನೆ. ಅದು ತಪ್ಪು.

ಲಕ್ಕುಂಡಿಗೆ ಮತ್ತೆ ಹೋಗೋಣ. ಆ ಹುಡುಗ "ಬಂತು ನೋಡಲೇ" ಅಂದಾಗ ನಾನು ಎದ್ದು ಏನಾದರೂ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಗೆಳತಿ ತಿರುಗಿ, ನಗುತ್ತಾ ಅಂದಳು: "ತಮ್ಮಾ, ನಾ ಚೀನಾದಾಕಿ ಅಲ್ಲ. ಜಪಾನದಾಕಿ. ಈಗ ಧಾರವಾಡದಾಕಿ." ಹುಡುಗನ ಮುಖ ಕೆಂಪಾಯಿತು. ಕೈಲಿದ್ದ ಚಹಾದ ಲೋಟ ಕಟ್ಟೆ ಮೇಲಿಟ್ಟ. "ಗೊತ್ತಾಗಲಿಲ್ರಿ ಅಕ್ಕಾರ. ಯಾವಾಗ ಬಂದ್ರಿ?" ಅಂದ.

ಅಜ್ಜಿ ಅಷ್ಟರಲ್ಲಿ ಗಂಟು ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಮುರಿದು ಅವಳ ಕೈಗೆ ಇಟ್ಟಿದ್ದಳು.